ಬಟರ್‌ಫ್ಲೈ ಹಾಕೀನಿ, ನಿಫ್ಟಿ ನಟ್ಟನಡುವ ನಿಂತೈತಿ, ಆದ್ರೂ ಲಾಭ ಯಾಕ ಇಷ್ಟ?

ಹಿಂಜವಡಿ ಹುಬ್ಬಳ್ಳಿ (ಪುಣೆ) · 2025, ಸೋಮವಾರ ಸಂಜೆ 4:10

ಶುಕ್ರವಾರ ನಿಫ್ಟಿ 25,000 ಆಸುಪಾಸು ಇದ್ದಾಗ ಕಾಲ್ ಬಟರ್‌ಫ್ಲೈ ಹಾಕಿದೆ. ನಾಳೆ ಮಂಗಳವಾರದ್ದೇ ಎಕ್ಸ್‌ಪೈರಿ.

24,800 ಕಾಲ್ ಒಂದು ಲಾಟ್ ಖರೀದಿ, 241ಕ್ಕ
25,000 ಕಾಲ್ ಎರಡು ಲಾಟ್ ಮಾರಾಟ, 115ಕ್ಕ
25,200 ಕಾಲ್ ಒಂದು ಲಾಟ್ ಖರೀದಿ, 42ಕ್ಕ

ಒಟ್ಟು ಖರ್ಚು 53 ಪಾಯಿಂಟ್. ಲಾಟ್ 75, ಅಂದ್ರ 3,975 ರೂಪಾಯಿ. ಗ್ರಾಫಿನ್ಯಾಗ ತುದಿ ಲಾಭ 11,025 ಅಂತ ತೋರಿಸ್ತದ. ಇವತ್ತ ಮಾರ್ಕೆಟ್ ಮುಗಿಯೂದ್ರಾಗ ನಿಫ್ಟಿ ಹೆಚ್ಚುಕಮ್ಮಿ 25,000ಕ್ಕ ನಿಂತೈತಿ. ನಾ ಅಂದುಕೊಂಡ ಜಾಗಾನ. ಆದ್ರ ಆ್ಯಪ್ ಲಾಭ ತೋರ್ಸೂದು 3,200 ಚಿಲ್ಲರೆ ಅಷ್ಟ. ಉಳಿದದ್ದು ಎಲ್ಲಿ ಹೋತ್ರೀ? ಬೆಲೆ ತಪ್ಪು ತೋರಿಸಾಕತ್ತೈತೇನು?

ಡೊಂಬಿವಲಿ ಫಾಸ್ಟ್ · 4:18

ತಪ್ಪಿಲ್ಲ. ಗ್ರಾಫಲ್ಲಿ ಎರಡು ಗೆರೆ ಇರ್ತವೆ ನೋಡಿ. ಗುಡಾರದ ಹಾಗೆ ಚೂಪಾಗಿರೋದು ಎಕ್ಸ್‌ಪೈರಿದು, ದಿಬ್ಬದ ಹಾಗೆ ಚಪ್ಪಟೆ ಇರೋದು ಇವತ್ತಿಂದು. ನೀವು ಚೂಪು ನೋಡಿ ಹಾಕಿದೀರಿ, ಈಗ ನಿಂತಿರೋದು ದಿಬ್ಬದ ಮೇಲೆ.

ಮಾಟುಂಗಾ ಮಾಣಿ (ಮುಂಬಯಿ) · 4:41

ಲೆಕ್ಕ ಹಾಕಿ ನೋಡುವ, ಆಗ ನಿಮಗೇ ಗೊತ್ತಾಗ್ತದೆ.

ಇವತ್ತು ಸಂಜೆ ನಿಫ್ಟಿ 25,000ದಲ್ಲಿದ್ದು ಐವಿ 11ರ ಹತ್ತಿರ ಉಂಟು ಅಂತ ಇಟ್ಟುಕೊಂಡರೆ 24,800 ಕಾಲ್ ಸುಮಾರು 205, 25,000 ಕಾಲ್ 57, 25,200 ಕಾಲ್ 5. ನೀವು ಕೊಂಡ ಎರಡೂ ಸೇರಿ 210. ಮಾರಿದ್ದನ್ನು ವಾಪಸ್ ಕೊಳ್ಳಲಿಕ್ಕೆ 114. ಉಳಿದದ್ದು 96. ನೀವು ಕೊಟ್ಟದ್ದು 53, ಲಾಭ 43 ಪಾಯಿಂಟ್, 75ರಿಂದ ಗುಣಿಸಿದರೆ 3,225. ಆ್ಯಪ್ ಸರಿಯಾಗಿಯೇ ಹೇಳ್ತಾ ಉಂಟು.

ಬಾಕಿ ಹಣ ಎಲ್ಲಿ ಅಂತ ಕೇಳಿದಿರಿ. ಅದು ಆ ಎರಡು 57ರ ಒಳಗೆ ಕೂತಿದೆ. ನಡುವಿನ ಕಾಲ್ ಪೂರ್ತಿ ಕರಗಿ ಸೊನ್ನೆ ಆದರೆ ಮಾತ್ರ ನಿಮಗೆ 200 ಸಿಗೋದು. ಅದು ಕರಗೋದು ನಾಳೆ, ಅದರಲ್ಲೂ ಮಧ್ಯಾಹ್ನದ ನಂತರ. ನಾಳೆ ಎರಡು ಗಂಟೆಗೆ ನಿಫ್ಟಿ ಇಲ್ಲೇ ಇದ್ದರೂ ಬಟರ್‌ಫ್ಲೈ ಬೆಲೆ 130ರ ಸುತ್ತ ಇರ್ತದೆ, 200 ಅಲ್ಲ. ಕೊನೆಯ 70 ಪಾಯಿಂಟ್ ಬರೋದು ಕೊನೆಯ ಒಂದೂವರೆ ಗಂಟೆಯಲ್ಲಿ, ಅದೂ ಮಾರ್ಕೆಟ್ ಅಲ್ಲಾಡದೆ ಕೂತರೆ.

ಹಿಂಜವಡಿ ಹುಬ್ಬಳ್ಳಿ · 4:50

ಅಂದ್ರ ನಾಲ್ಕು ದಿನದ ಪೈಕಿ ಮೂರು ದಿನ ಕುಂತಿದ್ದಕ್ಕ 43 ಪಾಯಿಂಟ್, ಕಡೀ ದಿನಕ್ಕ 104. ಭಾರಿ ಅನ್ಯಾಯ.

ಮಾಟುಂಗಾ ಮಾಣಿ · 4:56

ಅನ್ಯಾಯ ಎಂತದ್ದು ಮಾರಾಯ್ರೆ. ಇವತ್ತು ಸಂಜೆ ನಿಫ್ಟಿ ಎಲ್ಲಿ ನಿಲ್ತದೆ ಅಂತ ನೀವು ಪಂದ್ಯ ಕಟ್ಟಿದ್ದಲ್ಲ, ನಾಳೆ ಎಲ್ಲಿ ನಿಲ್ತದೆ ಅಂತ. ನಾಳೆ ಇನ್ನೂ 150 ಪಾಯಿಂಟ್ ಅತ್ತ ಇತ್ತ ಹೋಗುವ ಸಾಧ್ಯತೆಯ ಬೆಲೆಯೇ ಆ 57.

ಸಂಜೆ ಚಹಾ (ಪಣಜಿ) · 5:20

ಕಾಲ್ ಬಟರ್‌ಫ್ಲೈ ಹಾಕಿದ್ದೇ ತಪ್ಪು. ಐರನ್ ಫ್ಲೈ ಹಾಕಬೇಕಿತ್ತು. 25,000 ಕಾಲ್ ಮತ್ತು ಪುಟ್ ಎರಡೂ ಮಾರಿ, 24,800 ಪುಟ್, 25,200 ಕಾಲ್ ಕೊಂಡರೆ ಕೈಯಿಂದ ಏನೂ ಕೊಡೋ ಹಾಗಿಲ್ಲ, ಬದಲಿಗೆ 147 ಪಾಯಿಂಟ್ ಕ್ರೆಡಿಟ್ ಬರುತ್ತೆ. ದುಡ್ಡು ಕೊಟ್ಟು ಕಾಯೋದಕ್ಕಿಂತ ದುಡ್ಡು ಇಸ್ಕೊಂಡು ಕಾಯೋದು ಒಳ್ಳೇದಲ್ವಾ?

ಡೊಂಬಿವಲಿ ಫಾಸ್ಟ್ · 5:27

ಎರಡೂ ಒಂದೇ ಸರಕು, ಹೊದಿಕೆ ಬೇರೆ. 147 ಬಂತು ಅಂತೀರಿ, ನಿಫ್ಟಿ 25,200 ದಾಟಿದ್ರೆ ವಾಪಸ್ ಕೊಡೋದು 200. ನಷ್ಟ 53. ಇವರದ್ದೂ 53. ತುದಿ ಲಾಭ ನಿಮಗೂ 147, ಇವರಿಗೂ 147. ಒಂದೆರಡು ಪಾಯಿಂಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ದೊಡ್ಡವರು ಕ್ಷಣದಲ್ಲಿ ನುಂಗಿಬಿಡ್ತಾರೆ, ನಮಗೆ ಉಳಿಸಲ್ಲ.

ಮಾಟುಂಗಾ ಮಾಣಿ · 5:35

ಒಂದು ವಿಷಯದಲ್ಲಿ ಪಣಜಿಯವರ ಮಾತು ಸರಿ, ಆದರೆ ಕಾರಣ ಬೇರೆ. 24,800 ಕಾಲ್ ಒಳಗಿರುವ ಸ್ಟ್ರೈಕ್. ಅಲ್ಲಿ ಕೊಳ್ಳುವವರ ಮತ್ತು ಮಾರುವವರ ದರದ ನಡುವೆ ಅಂತರ ಜಾಸ್ತಿ, ಎಕ್ಸ್‌ಪೈರಿ ದಿನ ಇನ್ನೂ ಜಾಸ್ತಿ. 24,800 ಪುಟ್‌ನಲ್ಲಿ ಜನ ಗಿಜಿಗಿಜಿ. ಹಾಗಾಗಿ ಐರನ್ ಫ್ಲೈ ಹಾಕುವಾಗಲೂ ತೆಗೆಯುವಾಗಲೂ ಪಾಯಿಂಟು ಎರಡು ಪಾಯಿಂಟು ಉಳೀತದೆ. ಅಷ್ಟಕ್ಕೆ ಮಾತ್ರ ಒಳ್ಳೆಯದು, ಕ್ರೆಡಿಟ್ ಸಿಗ್ತದೆ ಅಂತಲ್ಲ.

ಸಂಜೆ ಚಹಾ · 5:41

ಆದ್ರೂ ಅಕೌಂಟಿಗೆ ದುಡ್ಡು ಬರೋದು ನೋಡೋಕೆ ಚೆನ್ನಾಗಿರುತ್ತೆ 😄

ತೇಟಾ ತಾತ (ಠಾಣೆ) · 6:15

ಲಾಭದ ಚಿಂತೆ ಆಮೇಲೆ. ಹುಬ್ಬಳ್ಳಿಯವರೇ, ಮೊದಲು ಇದಕ್ಕೆ ಉತ್ತರ ಕೊಡಿ: ಅಕೌಂಟಿನಲ್ಲಿ ಇನ್ನೆಷ್ಟು ಖಾಲಿ ಹಣ ಇದೆ?

ಹಿಂಜವಡಿ ಹುಬ್ಬಳ್ಳಿ · 6:22

ಸುಮಾರು 30,000. ಯಾಕ್ರೀ? ನಷ್ಟ ಆದ್ರ 3,975 ಅಷ್ಟ ಅಲ್ಲೇನು, ಅದು ಶುಕ್ರವಾರನ ಕೊಟ್ಟಾಗೇತಿ.

ತೇಟಾ ತಾತ · 6:48

ಅದಕ್ಕೇ ಕೇಳಿದ್ದು. ನಷ್ಟಕ್ಕೆ ಮಿತಿ ಇದೆ, ಮಾರ್ಜಿನ್‌ಗೆ ಆ ಮಿತಿ ಇಲ್ಲ. ಈ ಗೊಂದಲದಲ್ಲೇ ಬಹಳ ಜನ ಮಂಗಳವಾರ ಬೆಳಿಗ್ಗೆ ಸಿಕ್ಕಿಬೀಳುತ್ತಾರೆ.

ಮಾರಿದ ಎರಡು ಲಾಟಿನ ಪೂರ್ತಿ ಮೌಲ್ಯ 25,000 × 75 × 2, ಅಂದರೆ 37.5 ಲಕ್ಷ. ವಿಂಗ್ ಕೊಂಡಿದ್ದೀರಿ ಅಂತ ಸ್ಪ್ಯಾನ್ ಮಾರ್ಜಿನ್ ಬಹಳ ಇಳಿಯುತ್ತದೆ. ಆದರೆ ಮಾರಿದ ಆಪ್ಷನ್ ಮೇಲಿನ ಶೇ. 2ರ ಎಕ್ಸ್‌ಪೋಶರ್ ಹಾಗೇ ಇರುತ್ತದೆ. 37.5 ಲಕ್ಷಕ್ಕೆ ಅದು 75,000. ಶುಕ್ರವಾರ ನಿಮ್ಮ ಅಕೌಂಟಿನಲ್ಲಿ 75-80 ಸಾವಿರ ಲಾಕ್ ಆಗಿರಬೇಕು, ನೋಡಿಕೊಳ್ಳಿ.

ಇನ್ನು ನಾಳಿನ ವಿಷಯ. 2024ರ ನವೆಂಬರ್ 20ರಿಂದ ಸೆಬಿ ನಿಯಮದ ಪ್ರಕಾರ, ಇಂಡೆಕ್ಸ್ ಆಪ್ಷನ್ ಮಾರಿದವರ ಮೇಲೆ ಎಕ್ಸ್‌ಪೈರಿ ದಿನ ಇನ್ನೂ ಶೇ. 2 ಹೆಚ್ಚುವರಿ ಮಾರ್ಜಿನ್. ವಿಂಗ್ ಇದೆ ಅಂತ ಇದರಲ್ಲಿ ರಿಯಾಯಿತಿ ಇಲ್ಲ. ಅಂದರೆ ನಾಳೆ ಬೆಳಿಗ್ಗೆ ಇನ್ನೊಂದು 75,000 ಬೇಕು, ನಿಮ್ಮ ಹತ್ತಿರ ಇರೋದು 30,000. ಕೊರತೆ ಬಿದ್ದರೆ ದಂಡ ಒಂದು ಕಡೆ, ಬ್ರೋಕರ್ ತಾನೇ ಪೊಸಿಷನ್ ಕತ್ತರಿಸೋದು ಇನ್ನೊಂದು ಕಡೆ. ಅವರು ಕತ್ತರಿಸೋದು ಮಾರ್ಕೆಟ್ ಆರ್ಡರ್‌ನಲ್ಲಿ. 24,800 ಕಾಲ್‌ನಲ್ಲಿ ಮಾರ್ಕೆಟ್ ಆರ್ಡರ್ ಅಂದರೆ ಏನಾಗುತ್ತದೆ ಅಂತ ಈಗಷ್ಟೇ ಮಾಟುಂಗಾದವರು ಹೇಳಿದರು.

ಹಿಂಜವಡಿ ಹುಬ್ಬಳ್ಳಿ · 6:55

ಅಯ್ಯಯ್ಯೋ. 3,975ರ ಪಂದ್ಯಕ್ಕ ಒಂದೂವರೆ ಲಕ್ಷ? ಎಲ್ಲಾರೂ "ಅಗ್ಗದ ಪೊಸಿಷನ್" ಅಂತಿದ್ರಲ್ರೀ.

ಡೊಂಬಿವಲಿ ಫಾಸ್ಟ್ · 7:02

ಮದುವೆ ಹಾಲ್ ಡಿಪಾಸಿಟ್ ಇದ್ದ ಹಾಗೆ. ವಾಪಸ್ ಬರುತ್ತೆ, ಆದ್ರೆ ಅವತ್ತು ಕೈಯಲ್ಲಿ ಇರಬೇಕು. ಇವತ್ತು ರಾತ್ರಿನೇ ಹಾಕಿಬಿಡಿ, ಬೆಳಿಗ್ಗೆ 9ಕ್ಕೆ ಯುಪಿಐ ಸುತ್ತುತ್ತಾ ಕೂತ್ರೆ ಕಷ್ಟ.

ವಾಸ್ಕೊ ಬಂದರು · 7:30

ನನ್ನದೂ ಒಂದು ಬಟರ್‌ಫ್ಲೈ ಇದೆ, ಒಂದು ಬ್ಯಾಂಕ್ ಷೇರಲ್ಲಿ, ಇದೇ ತಿಂಗಳಿಂದು. ಅದಕ್ಕೂ ನಾಳೆ ಇನ್ನೊಂದು ಶೇ. 2 ಹಾಕ್ತಾರಾ?

ತೇಟಾ ತಾತ · 7:44

ನೀವು ಕೇಳಬೇಕಾದ ಪ್ರಶ್ನೆ ಬೇರೆ. ಆ ಶೇ. 2 ಇಂಡೆಕ್ಸ್‌ಗೆ ಮಾತ್ರ. ನಿಫ್ಟಿ ನಗದಿನಲ್ಲಿ ಚುಕ್ತಾ ಆಗುತ್ತದೆ, ಷೇರಿನ ಆಪ್ಷನ್ ಹಾಗಲ್ಲ, ಷೇರೇ ಕೊಡಬೇಕು ಅಥವಾ ತಗೋಬೇಕು. ನಡುವಿನ ಸ್ಟ್ರೈಕ್‌ಗಿಂತ ಸ್ವಲ್ಪ ಕೆಳಗೆ ಮುಗಿದರೆ ನಿಮ್ಮ ಕೆಳಗಿನ ಕಾಲ್ ಮಾತ್ರ ಜೀವಂತ, ಒಂದು ಲಾಟ್ ಷೇರು ನಿಮ್ಮ ತಲೆಗೆ. ಸ್ವಲ್ಪ ಮೇಲೆ ಮುಗಿದರೆ ಮಾರಿದ ಎರಡು ಮೈನಸ್ ಕೊಂಡ ಒಂದು, ಅಂದರೆ ಒಂದು ಲಾಟ್ ಷೇರು ನೀವೇ ಕೊಡಬೇಕು. ಡಿಮ್ಯಾಟ್‌ನಲ್ಲಿ ಇಲ್ಲದಿದ್ದರೆ ಹರಾಜಿಗೆ ಹೋಗುತ್ತದೆ. ಎಲ್ಲಿ ಲಾಭ ಹೆಚ್ಚೋ ಅಲ್ಲೇ ಈ ತಲೆನೋವೂ ಇರೋದು. ಜೊತೆಗೆ ಕೊನೆಯ ನಾಲ್ಕು ದಿನ ಒಳಗಿರುವ ಆಪ್ಷನ್ ಕೊಂಡವರ ಮೇಲೂ ಡೆಲಿವರಿ ಮಾರ್ಜಿನ್ ದಿನೇ ದಿನೇ ಏರುತ್ತದೆ. ಷೇರಿನ ಬಟರ್‌ಫ್ಲೈಯನ್ನು ಎಕ್ಸ್‌ಪೈರಿವರೆಗೆ ಒಯ್ಯಬೇಡಿ, ಅದಕ್ಕೂ ಮುಂಚೆ ಮುಗಿಸಿ.

ವಾಸ್ಕೊ ಬಂದರು · 7:50

ಮುಂಚೆ ಮುಗಿಸಿದ್ರೆ ಅದೇ ಚಪ್ಪಟೆ ದಿಬ್ಬ, ಲಾಭ ಎಲ್ಲಿ?

ತೇಟಾ ತಾತ · 7:53

ಅಲ್ಲೇ ಇರೋದು ಪಾಯಿಂಟು. ಅದಕ್ಕೇ ನಾನು ಷೇರುಗಳಲ್ಲಿ ಇದನ್ನು ಹಾಕಲ್ಲ.

ಸಂಜೆ ಚಹಾ · 8:05

ನಿಫ್ಟಿಯಲ್ಲೂ ಎಕ್ಸ್‌ಪೈರಿವರೆಗೆ ಬಿಡಬಾರದು. ಎಸ್‌ಟಿಟಿ ಬಲೆ ಇದೆ. ಒಳಗಿರುವ ಕಾಲ್ ತಾನಾಗೇ ಎಕ್ಸರ್ಸೈಸ್ ಆದ್ರೆ ಪೂರ್ತಿ 18.75 ಲಕ್ಷದ ಮೇಲೆ ಶೇ. 0.125 ಹಾಕ್ತಾರೆ, ಎರಡು ಸಾವಿರದ ಮೇಲಾಗುತ್ತೆ. ಲಾಭ ಎಲ್ಲಾ ಸರ್ಕಾರಕ್ಕೆ.

ಮಾಟುಂಗಾ ಮಾಣಿ · 8:19

ಅದು ಹಳೇ ಕಥೆ. 2019ರ ಸೆಪ್ಟೆಂಬರ್‌ನಲ್ಲೇ ಬದಲಾಗಿದೆ. ಈಗ ತೆರಿಗೆ ಬೀಳೋದು ಆಪ್ಷನ್ ಎಷ್ಟು ಒಳಗೆ ಹೋಗಿದೆಯೋ ಅಷ್ಟಕ್ಕೆ ಮಾತ್ರ. ನಿಫ್ಟಿ 25,000ದಲ್ಲಿ ಮುಗಿದರೆ 24,800 ಕಾಲ್ 200 ಒಳಗೆ, 75 ಸೇರಿ 15,000. ಅದರ ಮೇಲೆ ಇಪ್ಪತ್ತು ರೂಪಾಯಿ ಆಸುಪಾಸು. ಉಳಿದ ಸ್ಟ್ರೈಕ್‌ಗಳು ಸೊನ್ನೆಗೆ ಹೋದರೆ ಅವನ್ನು ವಾಪಸ್ ಕೊಳ್ಳುವ ಖರ್ಚೂ ಇಲ್ಲ. ಖರ್ಚಿನ ದೃಷ್ಟಿಯಿಂದ ಬಿಡೋದೇ ಅಗ್ಗ. ಬಿಡಬಾರದು ಅನ್ನಲಿಕ್ಕೆ ಬೇರೆ ಕಾರಣ ಬೇಕು.

ಡೊಂಬಿವಲಿ ಫಾಸ್ಟ್ · 8:26

ಬೇರೆ ಕಾರಣ ಅಂದ್ರೆ ಕೊನೆಯ ಗಂಟೆಯ ಕುಣಿತ. 2ರ ನಂತರ ಪ್ರತಿ 10 ಪಾಯಿಂಟ್‌ಗೂ ಲಾಭ ಏಳೆಂಟು ಪಾಯಿಂಟ್ ಹೋಗುತ್ತೆ ಬರುತ್ತೆ. ನಿಫ್ಟಿ 3:25ಕ್ಕೆ ಒಂದೇ ಕ್ಯಾಂಡಲ್‌ನಲ್ಲಿ 70 ಬಿದ್ರೆ ಮುಗೀತು ಕಥೆ.

ತೇಟಾ ತಾತ · 8:52

3:25ರ ಉದಾಹರಣೆ ತಪ್ಪು ಆರಿಸಿಕೊಂಡಿರಿ. ಚುಕ್ತಾ ಆಗೋದು 3:30ಕ್ಕೆ ಪರದೆಯ ಮೇಲೆ ಕಾಣೋ ಕೊನೆಯ ಬೆಲೆಗೆ ಅಲ್ಲ. ಒಂದೊಂದು ಕಂಪನಿ ಷೇರಿನ 3ರಿಂದ 3:30ರವರೆಗಿನ ವಹಿವಾಟಿನ ತೂಕದ ಸರಾಸರಿ ತೆಗೆದು, ಅದರಿಂದ ನಿಫ್ಟಿಯ ಮುಕ್ತಾಯ ಲೆಕ್ಕ ಹಾಕುತ್ತಾರೆ.

3ರಿಂದ 3:20ರವರೆಗೆ ನಿಫ್ಟಿ ಸರಾಸರಿ 25,010 ಇತ್ತು ಅಂತ ತಿಳಿಯಿರಿ. ಆಮೇಲೆ ಧಪ್ಪನೆ 24,940ಕ್ಕೆ ಬಿದ್ದು ಕೊನೆಯ ಹತ್ತು ನಿಮಿಷ ಅಲ್ಲೇ ಇತ್ತು. ಪರದೆ 24,940 ತೋರಿಸುತ್ತದೆ. ವಹಿವಾಟು ಒಂದೇ ಸಮ ನಡೆದಿದ್ದರೆ ಮುಕ್ತಾಯ ಬರೋದು 24,987ರ ಹತ್ತಿರ. ಪರದೆ ಲೆಕ್ಕದಲ್ಲಿ ಬಟರ್‌ಫ್ಲೈಗೆ 140, ನಿಜವಾಗಿ ಸಿಗೋದು 187. ಉಲ್ಟಾನೂ ಆಗುತ್ತದೆ: ಅರ್ಧ ಗಂಟೆ ದೂರ ಇದ್ದು 3:29ಕ್ಕೆ 25,000ಕ್ಕೆ ಓಡಿಬಂದರೆ ಖುಷಿಪಡಬೇಡಿ, ಸರಾಸರಿ ಆಗಲೇ ಕೂತುಬಿಟ್ಟಿರುತ್ತದೆ.

ಹಾಗಾಗಿ ನಿಜವಾದ ಅಪಾಯದ ಹೊತ್ತು 1:30ರಿಂದ 3:10ರವರೆಗೆ. ಅದನ್ನು ದಾಟಿ ಸರಾಸರಿ ನಿಮ್ಮ ಕಡೆ ಇದ್ದರೆ, 3:20ಕ್ಕೆ ಗಾಬರಿಬಿದ್ದು ಕೆಟ್ಟ ದರಕ್ಕೆ ಮಾರೋದರಲ್ಲಿ ಅರ್ಥ ಇಲ್ಲ.

ಡೊಂಬಿವಲಿ ಫಾಸ್ಟ್ · 8:58

ಒಪ್ಪಿದೆ. ಇದು ನನಗೂ ತಲೆಗೆ ಹೊಳೆದಿರಲಿಲ್ಲ.

ಲೋಣಾವಳ ಮಂಜು · 9:10

ಇಷ್ಟೆಲ್ಲಾ ಯಾಕೆ? 100 ಪಾಯಿಂಟ್ ಅಗಲದ್ದು ಹಾಕಿ. 24,900/25,000/25,100. ಶುಕ್ರವಾರ ಅದು 14ಕ್ಕೆ ಸಿಗ್ತಿತ್ತು. 14 ಕೊಟ್ಟು 86 ಗಳಿಸೋದು, ಒಂದಕ್ಕೆ ಆರು. 53 ಕೊಟ್ಟು 147 ಅಂದ್ರೆ ಒಂದಕ್ಕೆ ಮೂರೂ ಇಲ್ಲ.

ಮಾಟುಂಗಾ ಮಾಣಿ · 9:31

ಅನುಪಾತ ಚಂದ ಕಾಣ್ತದೆ. ಆದರೆ 14 ಅಂದರೆ 1,050 ರೂಪಾಯಿ. ಹಾಕಲಿಕ್ಕೆ ಮೂರು ಆರ್ಡರ್, ತೆಗೆಯಲಿಕ್ಕೆ ಮೂರು, ಒಂದಕ್ಕೆ 20ರಂತೆ 120. ಜಿಎಸ್‌ಟಿ, ಎಕ್ಸ್‌ಚೇಂಜ್ ಶುಲ್ಕ, ಮಾರಿದ್ದರ ಮೇಲಿನ ಎಸ್‌ಟಿಟಿ ಎಲ್ಲ ಸೇರಿ 200 ದಾಟ್ತದೆ. ಎಸ್‌ಟಿಟಿಯನ್ನೂ 2024ರ ಅಕ್ಟೋಬರ್‌ನಲ್ಲಿ ಶೇ. 0.0625ರಿಂದ 0.1ಕ್ಕೆ ಏರಿಸಿದ್ದಾರೆ. ಪಂದ್ಯದ ಐದನೇ ಒಂದು ಭಾಗ ಖರ್ಚಿಗೇ ಹೋಯ್ತು. ಅದರ ಮೇಲೆ ನಾಲ್ಕು ಲಾಟಿನಲ್ಲಿ ಅರ್ಧ ಅರ್ಧ ಪಾಯಿಂಟ್ ಜಾರಿದರೆ ಹೋಗುವಾಗ 2, ಬರುವಾಗ 2. 14 ಅಂದದ್ದು 18 ಆಗ್ತದೆ. 53ರದ್ದರಲ್ಲೂ ಇಷ್ಟೇ ಖರ್ಚು, ಆದರೆ ಅಲ್ಲಿ ಅಷ್ಟು ಚುಚ್ಚುವುದಿಲ್ಲ. ಮಾರ್ಜಿನ್ ಅಂತೂ ಎರಡಕ್ಕೂ ಒಂದೇ, ಮಾರೋದು ಎರಡು ಲಾಟೇ ಅಲ್ವಾ.

ಲೋಣಾವಳ ಮಂಜು · 9:36

ಗೆಲ್ಲೋ ಸಾಧ್ಯತೆ ಎಷ್ಟು ಅಂತ ಯಾರೂ ಹೇಳ್ತಿಲ್ಲ.

ಮಾಟುಂಗಾ ಮಾಣಿ · 9:44

200 ಅಗಲದ್ದಕ್ಕೆ ಲಾಭದ ಸೀಮೆ 24,853ರಿಂದ 25,147. ಶುಕ್ರವಾರದ ಐವಿಯನ್ನೇ ನಂಬಿದರೆ ಹತ್ತರಲ್ಲಿ ನಾಲ್ಕು ಸಲ ಅದರೊಳಗೆ ಮುಗೀಬೇಕು. ಆದರೆ ಹೆಚ್ಚಿನ ಸಲ ಅಂಚಿನಲ್ಲಿ, ಅಲ್ಪಸ್ವಲ್ಪ ಲಾಭದಲ್ಲಿ. ತುದಿಯ 20 ಪಾಯಿಂಟ್ ಒಳಗೆ ಮುಗಿಯೋದು ಇಪ್ಪತ್ತರಲ್ಲಿ ಒಂದು ಸಲ. ಆ 11,025 ಅನ್ನೋದನ್ನು ಗೋಡೆ ಮೇಲಿನ ಕ್ಯಾಲೆಂಡರ್ ಚಿತ್ರ ಅಂತ ತಿಳ್ಕೊಳ್ಳಿ.

ಸಂಜೆ ಚಹಾ · 9:50

ಅದಕ್ಕೇ ಮ್ಯಾಕ್ಸ್ ಪೇನ್ ನೋಡಿ ನಡುವಿನ ಸ್ಟ್ರೈಕ್ ಆರಿಸಬೇಕು. ಆಪ್ಷನ್ ಮಾರಿದವರಿಗೆ ಎಲ್ಲಿ ಅನುಕೂಲವೋ ಅಲ್ಲಿಗೇ ಎಳೀತಾರೆ.

ತೇಟಾ ತಾತ · 9:57

ಮ್ಯಾಕ್ಸ್ ಪೇನ್ ಸಂಖ್ಯೆ ಮಂಗಳವಾರ ದಿನವಿಡೀ ಬದಲಾಗುತ್ತಾ ಮಾರ್ಕೆಟ್ ಹಿಂದೆಯೇ ಓಡುತ್ತದೆ. ಮುಗಿದ ಮೇಲೆ ನೋಡಿದರೆ ಯಾವಾಗಲೂ ಸರಿ. ಶುಕ್ರವಾರದ ಸಂಖ್ಯೆ ಬರೆದಿಟ್ಟುಕೊಂಡು ಹೋಲಿಸಿ, ಆಮೇಲೆ ಮಾತಾಡೋಣ.

ಸಂಜೆ ಚಹಾ · 10:01

ಬರೆದಿಟ್ಟಿದೀನಿ. ಎಷ್ಟೋ ಸಲ ಸರಿ ಬಂದಿದೆ.

ತೇಟಾ ತಾತ · 10:03

ಎಷ್ಟು ಸಲ ತಪ್ಪಿದೆ ಅಂತಲೂ ಬರೆದಿಟ್ಟಿದ್ದೀರಾ?

ಡೊಂಬಿವಲಿ ಫಾಸ್ಟ್ · 10:12

ಈ ಜಗಳ ಪ್ರತಿ ವಾರದ್ದು, ಬಿಡಿ. ಹುಬ್ಬಳ್ಳಿಯವರಿಗೆ ನಾಳೆಗೆ ಬೇಕಾಗಿದ್ದು ತೆಗೆಯೋ ಕ್ರಮ. ಮೊದಲು ನಡುವಿನ ಎರಡು ಲಾಟ್ ವಾಪಸ್ ಕೊಳ್ಳಿ, ಆಮೇಲೆ ವಿಂಗ್ ಮಾರಿ. ಲಾಭ ತೋರಿಸ್ತಿರೋ 24,800ನ್ನೇ ಮೊದಲು ಮಾರೋಕೆ ಕೈ ತುರಿಸುತ್ತೆ. ಹಾಗೆ ಮಾಡಿದ್ರೆ ಮಾರಿದ್ದು ಬೆತ್ತಲಾಗಿ ನಿಲ್ಲುತ್ತೆ, ಮಾರ್ಜಿನ್ ಲಕ್ಷಗಳಿಗೆ ಜಿಗಿಯುತ್ತೆ, ಇಲ್ಲಾ ಆರ್ಡರ್ರೇ ರಿಜೆಕ್ಟ್ ಆಗುತ್ತೆ. ಹಾಕುವಾಗ ಇದರ ತಿರುವುಮುರುವು: ವಿಂಗ್ ಮೊದಲು, ನಡು ಆಮೇಲೆ. ಬಾಸ್ಕೆಟ್ ಆರ್ಡರ್ ಇದ್ರೆ ಇದೇ ಸಾಲಲ್ಲಿ ಜೋಡಿಸಿ, ಎಲ್ಲಾ ಲಿಮಿಟ್‌ನಲ್ಲಿ. ಖಂಡಾಳ ಘಾಟಿನ ಸುರಂಗದಲ್ಲಿ ರೈಲಲ್ಲಿ ಕೂತು ಮಾಡೋ ಕೆಲಸ ಅಲ್ಲ ಇದು. ಎರಡು ಲೆಗ್ ಹೋಗಿ ಎರಡು ನಿಂತ್ರೆ ಅದು ಬಟರ್‌ಫ್ಲೈ ಅಲ್ಲ, ಬೇರೆ ಯಾವುದೋ ಪ್ರಾಣಿ.

ಮಾಟುಂಗಾ ಮಾಣಿ · 10:20

ಇನ್ನೊಂದು. ಬೆಳಿಗ್ಗೆ ಏನಾದರೂ ಸುದ್ದಿ ಬಂದು ಐವಿ ಏರಿದರೆ ನಿಫ್ಟಿ ನಡುವೆಯೇ ಇದ್ದರೂ ಲಾಭ ಇಳೀತದೆ. ಇವತ್ತೇ ಐವಿ 11ರ ಬದಲು 15 ಇದ್ದಿದ್ದರೆ 96ರ ಜಾಗದಲ್ಲಿ 75 ಕಾಣ್ತಿತ್ತು. ಆಗ ಮತ್ತೆ ಬೆಲೆ ತಪ್ಪು ಅಂತ ಬರೀಬೇಡಿ 🙂

ಹಿಂಜವಡಿ ಹುಬ್ಬಳ್ಳಿ · ಮಂಗಳವಾರ ಸಂಜೆ 5:30

ರಾತ್ರಿನ 50,000 ಹಾಕಿದೆ. ಬೆಳಿಗ್ಗೆ ನೋಡಿದ್ರ ತಾತಾ ಅಂದಂಗ 75,000 ಹೆಚ್ಚಿಗಿ ಲಾಕ್ ಆಗಿತ್ತು. 1:30ಕ್ಕ ನಿಫ್ಟಿ 25,060, ಬೆಲೆ 111 ತೋರಿಸ್ತಿತ್ತು. ನಡುವಿಂದು ಮೊದಲ ತಗದು, ವಿಂಗ್ ಆಮೇಲೆ ಮಾರಿ, ಕೈಗೆ ಬಂದಿದ್ದು 108. ಲಾಭ 55 ಪಾಯಿಂಟ್, 4,125, ಅದರಾಗ ಖರ್ಚು 250 ಚಿಲ್ಲರೆ. ಮುಕ್ತಾಯ ಬಂದದ್ದು 25,021. ಬಿಟ್ಟಿದ್ರ 179 ಸಿಗ್ತಿತ್ತು, 9,450 ಲಾಭ.

ಲೋಣಾವಳ ಮಂಜು · 5:34

ಅರ್ಧಕ್ಕಿಂತ ಹೆಚ್ಚು ಮೇಜಿನ ಮೇಲೇ ಬಿಟ್ಟು ಎದ್ದಿರಿ.

ಡೊಂಬಿವಲಿ ಫಾಸ್ಟ್ · 5:40

2:40ಕ್ಕೆ 25,130 ಮುಟ್ಟಿತ್ತು, ನೋಡಿದ್ರಾ? ಆಗ ಅದೇ ಪೊಸಿಷನ್ 70ರ ಹತ್ತಿರ ಇತ್ತು. ಅವಾಗ ನೀವು ಈ ಮಾತು ಹೇಳ್ತಿರಲಿಲ್ಲ.

ತೇಟಾ ತಾತ · 5:52

ಎರಡು ಲಾಟ್ ಇದ್ದಿದ್ದರೆ ಒಂದನ್ನು 1:30ಕ್ಕೆ ತೆಗೆದು ಇನ್ನೊಂದನ್ನು ಸರಾಸರಿಗೆ ಬಿಡಬಹುದಿತ್ತು. ಆದರೆ ಎರಡು ಲಾಟಿಗೆ ಇವತ್ತಿನಂಥ ದಿನ ಮೂರು ಲಕ್ಷ ಬೇಕು. ಒಂದೇ ಇದ್ದಾಗ ಯಾವುದು ಸರಿ ಅಂತ ನಾನು ಹೇಳಲ್ಲ.

ಹಿಂಜವಡಿ ಹುಬ್ಬಳ್ಳಿ · 5:58

ಗುರುವಾರ ಸೆನ್ಸೆಕ್ಸ್ ಐತಿ. ಅದಕ್ಕೂ ಇದ ಲೆಕ್ಕ ಏನ್ರೀ?

ಮಾಟುಂಗಾ ಮಾಣಿ · 6:05

ಲೆಕ್ಕ ಇದೇ. ಲಾಟ್ 20, ಸ್ಟ್ರೈಕ್ 100ಕ್ಕೊಂದು. ದೂರದ ಒಳಗಿನ ಸ್ಟ್ರೈಕ್‌ನಲ್ಲಿ ದರದ ಅಂತರ ನೋಡಿಕೊಂಡು ಹಾಕಿ, ಬೇಕಾದರೆ ಪಣಜಿಯವರ ಐರನ್ ಫ್ಲೈಯೇ ಹಾಕಿ.

ಸಂಜೆ ಚಹಾ · 6:07

ನೋಡಿದ್ರಾ, ಕೊನೆಗೂ ನನ್ನ ದಾರಿಗೇ ಬಂದ್ರಿ.